ರಾಯವ್ವ ಇನ್ನೂ ಒಳಗಿದ್ದಾಳೆ

ನಮ್ಮ ಆಸ್ಪತ್ರೆಯವರಿಗೆ ನೋಟೀಸು ಬರೆಯುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಓದುವವರು ಯಾರೂ ಇಲ್ಲ, ಓದದೆಯೇ ಜಗಳ ತೆಗೆಯುವವರು ಮಾತ್ರ ಬೇಕಾದಷ್ಟು. ಬೈಲಹೊಂಗಲದಲ್ಲಿ ದೊಡ್ಡ ಆಸ್ಪತ್ರೆ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಒಂದೊಂದು ಶಾಖೆ. ನಾಲ್ಕೂ ಊರಿನ ಕಂಪ್ಯೂಟರುಗಳು ನನ್ನ ಕೋಣೆಯಲ್ಲಿರುವ ಒಂದೇ ಡೇಟಾಬೇಸಿಗೆ ಜೋತುಬಿದ್ದಿವೆ. ಅದು ನಿಂತರೆ ಎಲ್ಲರೂ ನನ್ನನ್ನೇ ಬಯ್ಯುತ್ತಾರೆ. ನಡೆಯುತ್ತಿದ್ದರೆ ವಿಜಯಾ ಎಂಬವಳೊಬ್ಬಳು ಇದ್ದಾಳೆಂಬುದೇ ಯಾರಿಗೂ ನೆನಪಿರುವುದಿಲ್ಲ.

ಎರಡು ಸಾವಿರದ ಎಂಟರ ಶ್ರಾವಣದಲ್ಲಿ ಆ ಡೇಟಾಬೇಸನ್ನು ಹೊಸ ಆವೃತ್ತಿಗೆ ಏರಿಸುವುದೆಂದು ನಿಶ್ಚಯವಾಯಿತು. ನಾನು ಕುಳಿತು ನೋಟೀಸು ಬರೆದೆ. ಈಮೇಲ್ ಕಳಿಸಿದ್ದಲ್ಲದೆ, ಪ್ರಿಂಟ್ ತೆಗೆಸಿ ನಾಲ್ಕೂ ಕಡೆ ಗೋಡೆಗೆ ಹಚ್ಚಿಸಿದೆ.

"ಎಲ್ಲ ಸಿಬ್ಬಂದಿಗೆ. ಬರುವ ಭಾನುವಾರ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ ಡೇಟಾಬೇಸ್ ಬಂದ್ ಇರುತ್ತದೆ. ಆ ಹೊತ್ತಿನಲ್ಲಿ ಹೊಸ ಕೇಸ್ ಪೇಪರ್ ತೆಗೆಯುವುದು, ಹಳೆಯ ಕೇಸ್ ಹುಡುಕುವುದು, ಲ್ಯಾಬ್ ರಿಪೋರ್ಟ್, ಔಷಧ ಚೀಟಿ, ಬಿಲ್ಲು, ಇವು ಯಾವುವೂ ಕಂಪ್ಯೂಟರಿನಲ್ಲಿ ಸಿಗುವುದಿಲ್ಲ. ತುರ್ತು ರೋಗಿಗಳನ್ನು ಎಂದಿನಂತೆ ನೋಡಲಾಗುತ್ತದೆ. ವಿವರಗಳನ್ನು ಕಾಗದದ ಮೇಲೆ ಬರೆದಿಟ್ಟು ಮೂರರ ನಂತರ ಏರಿಸಬೇಕು. ಒಳರೋಗಿಗಳ ಕೇಸುಗಳನ್ನು ಶನಿವಾರ ಸಂಜೆಯೇ ಪ್ರಿಂಟ್ ತೆಗೆದಿಟ್ಟುಕೊಳ್ಳಬೇಕು. ಏಳಕ್ಕೆ ಮೊದಲು ಎಲ್ಲರೂ ಲಾಗೌಟ್ ಆಗಿರಬೇಕು. ಹೊಸ ಆವೃತ್ತಿಯಲ್ಲಿ ಎರಡು ಅನುಕೂಲಗಳಿವೆ. ರೋಗಿಗೆ ಆಗದ ಔಷಧ ಯಾವುದು, ಕೊಟ್ಟ ಔಷಧ ಯಾವುದು ಎಂದು ಕಂಪ್ಯೂಟರೇ ತಾಳೆ ನೋಡುತ್ತದೆ. ಹಳೆಯ ಕೇಸುಗಳನ್ನೂ ಬಿಡುವುದಿಲ್ಲ. ಇನ್ನು ಮುಂದೆ ಕೇಸ್ ಪೇಪರ್ ತಿದ್ದಿದವರ ಹೆಸರು, ಹೊತ್ತು, ಕಾರಣ ಮೂರೂ ದಾಖಲಾಗುತ್ತವೆ. ವಿಜಯಾ, ಕಂಪ್ಯೂಟರ್ ವಿಭಾಗ."

ನೋಟೀಸು ಹಚ್ಚಿದ ಮರುದಿನ ಕಿತ್ತೂರಿನಿಂದ ಫೋನ್ ಬಂತು. "ಮೇಡಂರೀ, ಐತವಾರ ಫ್ಯಾನ್ ತಿರಗತಾವೇನ್ರಿ?" ರಾಮದುರ್ಗದವರು, "ದವಾಖಾನಿ ಬಂದ್ ಅಂತಲ್ರೀ, ನಮಗೂ ಸೂಟಿ ಕೊಡ್ರಿ" ಅಂದರು. ನನ್ನ ಕೈಕೆಳಗಿನ ಎಂಜಿನಿಯರ್ ಸಂಜು ಬಿದ್ದು ಬಿದ್ದು ನಕ್ಕ. ಸವದತ್ತಿಯಿಂದ ಮಾತ್ರ ಯಾರೂ ಏನೂ ಕೇಳಲಿಲ್ಲ. ಒಂದು ಕಡೆಯವರಾದರೂ ಸರಿಯಾಗಿ ಓದಿಕೊಂಡಿದ್ದಾರಲ್ಲ ಎಂದು ನನಗೆ ಸಮಾಧಾನವಾಯಿತು.

ಭಾನುವಾರ ಬೆಳಿಗ್ಗೆ ನಾನು ಆಸ್ಪತ್ರೆ ಸೇರುವಷ್ಟರಲ್ಲಿ ಸಂಜು ಚಹಾ ತರಿಸಿಟ್ಟಿದ್ದ. ಶನಿವಾರ ಸಂಜೆ ತೆಗೆದ ಬ್ಯಾಕಪ್ ಕೈಯಲ್ಲಿತ್ತು. ಇನ್ನು ಎಲ್ಲರೂ ಹೊರಗೆ ಹೋಗಿದ್ದಾರೆಂದು ನೋಡಿ, ರಾತ್ರಿಯ ಹೆರಿಗೆ ಕೇಸುಗಳನ್ನೂ ಸೇರಿಸಿ ಕೊನೆಯ ಬ್ಯಾಕಪ್ ತೆಗೆದುಕೊಂಡು, ಡೇಟಾಬೇಸ್ ನಿಲ್ಲಿಸುವುದಷ್ಟೇ ಬಾಕಿ. ಯಾರು ಯಾರು ಇನ್ನೂ ಒಳಗಿದ್ದಾರೆಂದು ತೋರಿಸುವ ಒಂದು ಆಜ್ಞೆ ಇದೆ. ಸಂಜು ಅದನ್ನು ಹೊಡೆದ. ಹೊಡೆದವನು ಹಾಗೇ ಕೈ ಹಿಂದಕ್ಕೆ ಎಳೆದುಕೊಂಡ.

"ಮೇಡಂರೀ..."

"ಯಾರದಾರ?"

"ರಾಯವ್ವ ಅದಾಳ್ರಿ."

ನಾನು ಚಹಾದ ಕಪ್ಪು ಕೆಳಗಿಟ್ಟೆ. ಪರದೆಯ ಮೇಲೆ ನಮ್ಮಿಬ್ಬರ ಹೆಸರು ಬಿಟ್ಟರೆ ಇದ್ದದ್ದು ಒಂದೇ ಸಾಲು. ಬಳಕೆದಾರರು: ರಾಯವ್ವ. ಕಂಪ್ಯೂಟರ್: ಸವದತ್ತಿ, ರಿಸೆಪ್ಶನ್.

ರಾಯವ್ವ ಹೋದ ದೀಪಾವಳಿಯಲ್ಲಿ ಸತ್ತಿದ್ದಳು. ಸವದತ್ತಿ ಶಾಖೆಯ ರಿಸೆಪ್ಶನ್ನಿನಲ್ಲಿ ಕೂಡುತ್ತಿದ್ದ ಹುಡುಗಿ. ಮದುವೆಯಾಗಿ ಇನ್ನೂ ಎರಡು ವರ್ಷವೂ ತುಂಬಿರಲಿಲ್ಲ. ಒಂದು ಸಂಜೆ ಮನೆಯಲ್ಲಿ ಎದೆ ಹಿಡಿದುಕೊಂಡು ಕುಸಿದಳಂತೆ, ಆಸ್ಪತ್ರೆಗೆ ತರುವಷ್ಟರಲ್ಲಿ ಮುಗಿದಿತ್ತಂತೆ. ಮಣ್ಣಿಗೆ ನಾನೂ ಸಂಜುವೂ ಹೋಗಿದ್ದೆವು. ಅವಳ ಮುಖವನ್ನು ನಾನು ಕಣ್ಣಾರೆ ನೋಡಿದ್ದೆ. ಈಗ ಅವಳ ಹೆಸರು ನನ್ನ ಎದುರಿಗೆ ಕುಳಿತಿದ್ದನ್ನು ನೋಡಿ ಮೈ ಜುಮ್ಮೆಂದಿತು.

ಸತ್ತವಳ ಲಾಗಿನ್ ಯಾಕೆ ಇತ್ತೆಂದು ಬೇರೆ ಊರಿನವರು ಕೇಳಬಹುದು. ಅಳಿಸಲು ಹೊರಟಾಗ ಸಂಜು ಅಡ್ಡ ಬಂದಿದ್ದ. "ವರ್ಷದ ಕಾರ್ಯಾ ಆಗೋತನಕ ಹೆಸರ ಅಳಸಬಾರದ್ರಿ ಮೇಡಂ. ನಮ್ಮ ಮನಿಯಾಗ ರೇಷನ್ ಕಾರ್ಡಿನಾಗೂ ಅಜ್ಜನ ಹೆಸರ ಹಂಗ ಬಿಟ್ಟಿದ್ವಿ." ಕಂಪ್ಯೂಟರಿಗೆ ಎಂಥಾ ತಿಥಿಯೋ ಮಾರಾಯಾ ಎಂದು ನಾನು ನಕ್ಕೆ. ಆದರೂ ಬಿಟ್ಟೆವು. ನಮ್ಮಲ್ಲಿ ಯಾರೂ ಅದನ್ನು ತಪ್ಪೆನ್ನುವವರಿರಲಿಲ್ಲ.

"ಏನ ಮಾಡಾಕತ್ತಾಳ ನೋಡೋ," ಅಂದೆ. ಆಮೇಲೆ ನನಗೇ ನಾಚಿಕೆಯಾಯಿತು. "ಅಂದ್ರ, ಯಾರ ಏನ ಮಾಡಾಕತ್ತಾರ ನೋಡು."

ಒಳಗಿದ್ದವರು ಕೊನೆಗೆ ಏನು ಕೇಳಿದರು, ಏನು ತಿದ್ದಿದರು ಎಂದು ನೋಡಲು ಬರುತ್ತದೆ. ಸಂಜು ನೋಡಿದ. ಒಂದು ಕೇಸ್ ನಂಬರು, ಅದರಲ್ಲಿ 'ಆಗದ ಔಷಧ' ಎಂಬ ಅಂಕಣವನ್ನು ಖಾಲಿ ಮಾಡುವ ಆಜ್ಞೆ. ಅಷ್ಟೇ. ಅದು ಯಾರ ಕೇಸೆಂದು ತೆಗೆದು ನೋಡಿದೆವು.

ಅದು ರಾಯವ್ವನದೇ ಕೇಸ್ ಪೇಪರ್.

ಸಂಜು ಕುರ್ಚಿಯಿಂದ ಎದ್ದುನಿಂತ. ಎಂಜಿನಿಯರಿಂಗ್ ಓದಿದವನು, ಕೊರಳಲ್ಲಿದ್ದ ಲಿಂಗವನ್ನು ಅಂಗಿಯ ಮೇಲಿಂದಲೇ ಹಿಡಿದುಕೊಂಡಿದ್ದ. ನಾನು ಗದರಿದೆ. "ಸತ್ತವರು ಕೀಬೋರ್ಡ್ ಹೊಡ್ಯಾಂಗಿಲ್ಲ. ಫೋನ್ ಹಚ್ಚು." ಗದರಿದ್ದು ಅವನಿಗಲ್ಲ, ನನಗೇ.

ಸವದತ್ತಿ ರಿಸೆಪ್ಶನ್ನಿನ ಫೋನು ಬಹಳ ಹೊತ್ತು ಬಡಿದುಕೊಂಡಿತು. ಕೊನೆಗೆ ಯಾರೋ ಎತ್ತಿದರು.

"ಹಲೋ, ಯಾರ್ರಿ ಮಾತಾಡೋದು?"

"ನಾನ್ರಿ ಮೇಡಂ... ಶಿವಲಿಂಗ."

ಶಿವಲಿಂಗ ಅಲ್ಲಿಯ ಔಷಧ ವಿಭಾಗದವನು. ರಾಯವ್ವನ ಗಂಡ.

"ರಿಸೆಪ್ಶನ್ನಿನ ಕಂಪ್ಯೂಟರ್ ಮುಂದ ಯಾರ ಕುಂತಾರ್ರಿ?" ಅಂದೆ.

"ಯಾರೂ ಇಲ್ರಿ. ನಾ ಫಾರ್ಮಸಿ ಬಾಗಲಾ ತೆಗ್ಯಾಕ ಬಂದಿದ್ನಿ, ಫೋನ್ ಬಡಕೊಳ್ಳಾಕತ್ತಿತ್ತು, ಎತ್ತಿದ್ನಿ ಅಷ್ಟ."

ಅವನು ಹಾಗೆನ್ನುತ್ತಿರುವಾಗಲೇ ನನ್ನ ಪರದೆಯ ಮೇಲಿಂದ ರಾಯವ್ವನ ಸಾಲು ಮಾಯವಾಯಿತು. ಸಂಜು ಬೆರಳು ತೋರಿಸಿದ. ನಾನೂ ನೋಡಿದೆ. ಸುಳ್ಳು ಹೇಳುವವನು ಕೈ ಕಟ್ಟಿಕೊಂಡಾದರೂ ನಿಲ್ಲಬಾರದೆ! "ಸರಿ" ಎಂದು ಫೋನಿಟ್ಟೆ.

ನಮ್ಮಲ್ಲಿ ಇನ್ನೊಂದು ಹಳೆಯ ಸರ್ವರ್ ಇತ್ತು. ಭಾನುವಾರದ ಕೆಲಸವನ್ನು ಮೊದಲು ಅದರ ಮೇಲೆ ಮಾಡಿ ನೋಡಿ ಕಲಿತಿದ್ದೆವು. ಸಂಜು ಅಸಲು ಡೇಟಾಬೇಸಿನ ಕೊನೆಯ ಬ್ಯಾಕಪ್ಪಿಗೆ ಕೂತ. ನಾನು ಶನಿವಾರದ ಬ್ಯಾಕಪ್ಪನ್ನು ಈ ಹಳೆಯ ಸರ್ವರಿನ ಮೇಲೆ ಬಿಚ್ಚಿದೆ. ಶನಿವಾರ ಸಂಜೆ ರಾಯವ್ವನ ಕೇಸ್ ಪೇಪರ್ ಹೇಗಿತ್ತೋ ಹಾಗೇ ಎದುರಿಗೆ ಬಂತು. ಆಗದ ಔಷಧ: ಪೆನಿಸಿಲಿನ್. ಅದನ್ನು ಅವಳೇ ಕೈಯಾರೆ ಟೈಪ್ ಮಾಡಿದ್ದಿರಬೇಕು. ಹೊಸದಾಗಿ ಕೆಲಸಕ್ಕೆ ಸೇರಿದಾಗ, ಮೊದಲು ನಿಮ್ಮದೇ ಕೇಸ್ ಪೇಪರ್ ಮಾಡಿ ಕಲಿಯಿರಿ ಎಂದು ನಾನೇ ಎಲ್ಲರಿಗೂ ಹೇಳುತ್ತಿದ್ದೆ.

ಇಷ್ಟನ್ನು ಅಳಿಸುವುದರಿಂದ ಯಾರಿಗೆ ಏನು ಲಾಭ? ಸತ್ತವಳಿಗೆ ಇನ್ನು ಯಾವ ಔಷಧ ಆದರೇನು, ಆಗದಿದ್ದರೇನು? ಹಾಗೆಂದುಕೊಳ್ಳುತ್ತಲೇ ನನ್ನ ನೋಟೀಸಿನ ಮಾತು ನೆನಪಾಯಿತು. ಕಂಪ್ಯೂಟರೇ ತಾಳೆ ನೋಡುತ್ತದೆ. ಹಳೆಯ ಕೇಸುಗಳನ್ನೂ ಬಿಡುವುದಿಲ್ಲ.

ನಮ್ಮ ಸಿಬ್ಬಂದಿ ಔಷಧ ಒಯ್ದರೂ ಅವರವರ ಕೇಸ್ ನಂಬರಿನ ಮೇಲೆಯೇ ಒಯ್ಯಬೇಕು, ಇಲ್ಲವಾದರೆ ಸ್ಟಾಕ್ ಲೆಕ್ಕ ತಪ್ಪುತ್ತದೆ. ರಾಯವ್ವನ ನಂಬರಿನ ಮೇಲೆ ಏನೇನು ಹೋಗಿದೆಯೆಂದು ತೆಗೆದೆ. ಕೊನೆಯ ಸಾಲು: ಪೆನಿಸಿಲಿನ್ ಇಂಜೆಕ್ಷನ್ ಒಂದು, ಸಿರಿಂಜು ಒಂದು. ಕೊಟ್ಟವರು: ಶಿವಲಿಂಗ. ತಾರೀಖು ಅವಳು ಸತ್ತ ದಿನದ್ದು.

ಸಂಜು ನನ್ನ ಹೆಗಲ ಮೇಲಿಂದ ಬಗ್ಗಿ ಓದಿದ. "ಎದಿ ಹಿಡಕೊಂಡ್ಲು ಅಂದಿದ್ದಲ್ರಿ ಅಂವಾ," ಎಂದು ಮಾತ್ರ ಅಂದ.

ಕೆಲಸ ನಿಲ್ಲಿಸುವ ಹಾಗಿರಲಿಲ್ಲ. ನಾಲ್ಕು ಊರಿನ ಜನ ಕಾಗದದ ಮೇಲೆ ಬರೆದುಕೊಳ್ಳುತ್ತ ಕುಳಿತಿದ್ದರು. ಕೊನೆಯ ಬ್ಯಾಕಪ್ ಮುಗಿಯಿತು. ಡೇಟಾಬೇಸ್ ನಿಲ್ಲಿಸಿ ಏರಿಸುವ ಕೆಲಸ ಶುರು ಮಾಡಿದೆವು. ಪರದೆಯ ಮೇಲೆ ನೀಲಿ ಪಟ್ಟಿ ಮೆಲ್ಲಗೆ ಬೆಳೆಯತೊಡಗಿತು. ಅದನ್ನು ನೋಡುತ್ತ ಕೂಡುವುದೊಂದೇ ಕೆಲಸ. ನನ್ನ ತಲೆಯಲ್ಲಿ ಮಾತ್ರ ತಾಯವ್ವ ಬಂದು ಕೂತಿದ್ದಳು.

ತಾಯವ್ವ ರಾಯವ್ವನ ತಾಯಿ. ಎಲ್ಲಮ್ಮನ ಗುಡ್ಡದ ಬುಡದ ಉಗರಗೋಳದಲ್ಲಿ ಕಾಯಿ, ಭಂಡಾರದ ಅರಿಶಿನ ಪುಡಿ ಮಾರುವ ಅಂಗಡಿ ಅವಳದು. ಶಿವಲಿಂಗ ಅವಳ ಸ್ವಂತ ತಮ್ಮ. ಹೊರಗಿನವರಿಗೆ ಕೊಟ್ಟರೆ ಮಗಳು ದೂರವಾಗುತ್ತಾಳೆಂದು ತಮ್ಮನಿಗೇ ಕೊಟ್ಟಿದ್ದಳು. ಮಗಳಿಗೆ ಕೆಲಸ ಸಿಕ್ಕರೆ ನೈವೇದ್ಯದ ಬುಟ್ಟಿ, ಪಡ್ಡಲಗಿ, ತುಂಬಿಸುತ್ತೇನೆಂದು ದೇವಿಗೆ ಹರಕೆ ಹೊತ್ತಿದ್ದಳಂತೆ. ಇಂದು ನಾಳೆ ಎನ್ನುತ್ತ ಅದು ಉಳಿದುಹೋಯಿತು. ರಾಯವ್ವನ ಬಾಕಿ ಸಂಬಳದ ಕಾಗದಪತ್ರಗಳಿಗೆ ಹೆಬ್ಬೆಟ್ಟು ಒತ್ತಲು ಬಂದಾಗ ನನ್ನ ಮುಂದೆ ಅತ್ತಿದ್ದಳು. "ಗುಡ್ಡದ ಬುಡಕ ಇದ್ದೂ ಹರಕಿ ತೀರಸಲಿಲ್ರಿ ಅಕ್ಕಾರ. ತಾಯಿ ಸಿಟ್ಟಾಗಿ ನನ್ನ ಮಗಳನ್ನ ಒಯ್ದಳು. ನಾನ ಕೊಂದೆ." ಅಂದಿನಿಂದ ಕಾಲಿಗೆ ಚಪ್ಪಲಿ ಮೆಟ್ಟಿಲ್ಲ, ಒಪ್ಪೊತ್ತು ಉಣ್ಣುತ್ತಾಳೆ ಎಂದು ಸವದತ್ತಿಯವರು ಹೇಳುತ್ತಿದ್ದರು. ಆ ಹೆಂಗಸು ಮಾಡದ ತಪ್ಪಿಗೆ ಬರಿಗಾಲಲ್ಲಿ ತಿರುಗುತ್ತಿದ್ದಾಳೆ ಎಂಬುದು ಈಗ ನನಗೆ ಗೊತ್ತು. ನನಗೆ, ಸಂಜುಗೆ, ಮತ್ತು ಅವಳ ತಮ್ಮನಿಗೆ.

ಸಿಟ್ಟು ನೆತ್ತಿಗೇರಿತು. ಮತ್ತೆ ಫೋನ್ ಹಚ್ಚಿದೆ. ಈ ಸಲ ಮೊದಲ ರಿಂಗಿಗೇ ಎತ್ತಿದ.

"ಶಿವಲಿಂಗ, ಶನಿವಾರದ ಬ್ಯಾಕಪ್ ನನ್ನ ಕಡೆ ಐತಿ. ನೀವು ಅಳಿಸಿದ್ದು ಅದರಾಗ ಹಂಗ ಐತಿ. ಇಂಜೆಕ್ಷನ್ ಒಯ್ದಿದ್ದೂ ಐತಿ."

ಅವನು ತಾನಾಗಿ ಹೇಳತೊಡಗಿದ. ಗಂಟಲು ಬಾತಿತ್ತು, ಜ್ವರ ಬಂದಿತ್ತು, ಡಾಕ್ಟರು ಹಬ್ಬಕ್ಕೆ ಊರಿಗೆ ಹೋಗಿದ್ದರು. ದಿನಾ ನೂರು ಮಂದಿಗೆ ಔಷಧ ಕೊಡುವವನು, ಹೆಂಡತಿಗೆ ಕೊಡಲಾರೆನೆ ಎಂದುಕೊಂಡ. ಕೇಸ್ ತೆಗೆದು ನೋಡಲಿಲ್ಲ, ಚರ್ಮದ ಮೇಲೆ ಪರೀಕ್ಷೆ ಮಾಡಲಿಲ್ಲ. ನಂಜು ಹೋಗಲು ಒಂದು ಸೂಜಿ ಮಾಡುತ್ತೇನೆ ಅಂದ, ಯಾವ ಸೂಜಿ ಎಂದು ಅವಳೂ ಕೇಳಲಿಲ್ಲ.

"ನನಗ ಗೊತ್ತಿರಲಿಲ್ರಿ ಮೇಡಂ. ದೇವರ ಆಣಿ. ಆಕಿ ಹೋದ ಮ್ಯಾಲ ಕಂಪ್ಯೂಟರಿನಾಗ ನೋಡಿದ್ನಿ. ನನ್ನ ಲಾಗಿನ್ನಿಗೆ ನೋಡಾಕ ಬರತೈತಿ, ತಿದ್ದಾಕ ಬರಾಂಗಿಲ್ಲ. ಇಷ್ಟ ದಿನಾ ಹಂಗ ಬಿಟ್ಟಿದ್ನಿ. ನಿಮ್ಮ ನೋಟೀಸ ಓದಿ ಧೈರ್ಯಾ ಹೋತ್ರಿ. ಆಕಿ ಪಾಸ್‌ವರ್ಡ್ ಗೊತ್ತಿತ್ತು, ಆಕಿ ಹೆಸರಿಲೆ ಒಳಗ ಹೋದ್ನಿ."

ನೋಟೀಸನ್ನು ಒಂದು ಕಡೆಯವರಾದರೂ ಸರಿಯಾಗಿ ಓದಿದರಲ್ಲ ಎಂದುಕೊಂಡಿದ್ದೆ. ಓದಿದವನು ಇವನು!

"ತಾಯವ್ವಗ ಹೇಳೀರೇನು?"

"ಇಲ್ರಿ."

"ಹುಚ್ಚರಾಂಗ ತಿರಗಾಕತ್ತಾಳಲ್ರಿ ಆಕಿ! ಮೂರ ಗಂಟೆದ ಒಳಗ ಇಲ್ಲಿ ಬರ್ರಿ. ಆಕೀನ್ನೂ ಕರಕೊಂಡ ಬರ್ರಿ. ನಾಳಿಗೆ ದೊಡ್ಡ ಡಾಕ್ಟರಿಗೆ ನಾ ಹೇಳಾಕಿನ, ಮುಂದ ಪೊಲೀಸರೋ ಏನೋ ಅವರಿಗೆ ಬಿಟ್ಟಿದ್ದು. ಆದ್ರ ಮೊದಲ ಆಕಿಗೆ ಗೊತ್ತಾಗಬೇಕು, ನಿಮ್ಮ ಬಾಯಿಂದ."

ಬರುವುದಿಲ್ಲವೆಂದು ಸಂಜು ಪಣ ಕಟ್ಟಿದ. ನನಗೂ ನಂಬಿಕೆ ಇರಲಿಲ್ಲ. ಅಳಿಸಿದ್ದನ್ನು ಡೇಟಾಬೇಸ್ ಎದ್ದ ಕೂಡಲೇ ತಾನೇ ತುಂಬಿಬಿಡುವುದೇ ಎಂದು ಸಂಜು ಕೇಳಿದ. ಬೇಡ ಅಂದೆ. ಹೊಸ ದಾಖಲೆ ಶುರುವಾಗುವ ಮೊದಲು ಕದ್ದು ತಿದ್ದಿದರೆ ನಮಗೂ ಶಿವಲಿಂಗನಿಗೂ ಏನು ವ್ಯತ್ಯಾಸ?

ಏರಿಸುವ ಕೆಲಸ ಹೇಳಿದ ಹೊತ್ತಿಗಿಂತ ತುಸು ಮೊದಲೇ ಮುಗಿಯಿತು. ಸಂಜು ಒಂದೊಂದಾಗಿ ಪರೀಕ್ಷೆ ಮಾಡಿದ. ಕೇಸ್ ತೆರೆಯಿತು, ಲ್ಯಾಬ್ ತೆರೆಯಿತು, ಬಿಲ್ಲು ಬಂತು. ಬೇರೆ ದಿನವಾಗಿದ್ದರೆ ಪೇಢೆ ತರಿಸುತ್ತಿದ್ದೆವು. ಆಗಲೇ ಬಾಗಿಲ ಬಳಿ ಶಿವಲಿಂಗ ಕಾಣಿಸಿಕೊಂಡ. ಅವನ ಹಿಂದೆ ತಾಯವ್ವ, ಬರಿಗಾಲಲ್ಲಿ.

"ರೊಕ್ಕದ ಕಾಗದಾ ಏನರ ಉಳದಿತ್ತೇನ್ರಿ ಅಕ್ಕಾರ? ಇಂವಾ ಏನೂ ಹೇಳಲಿಲ್ಲ, ನಡಿ ಅಂದಾ, ಬಂದೆ," ಎಂದು ನಕ್ಕಳು. ಹಣೆಯ ತುಂಬ ಭಂಡಾರವಿತ್ತು. ಅವಳಿಗೆ ಕುರ್ಚಿ ಕೊಟ್ಟೆ, ಕೂಡಲಿಲ್ಲ.

ಕೇಸ್ ಪೇಪರಿನ ಆ ಅಂಕಣ ತಿದ್ದಲು ಶಿವಲಿಂಗನ ಲಾಗಿನ್ನಿಗೆ ಅಷ್ಟು ಹೊತ್ತಿನ ಮಟ್ಟಿಗೆ ಅನುಮತಿ ಕೊಟ್ಟೆ. "ನಿಮ್ಮ ಹೆಸರಿನಾಗ ಬರೀರಿ," ಅಂದೆ. ಅವನು ಕುಳಿತು, ಎರಡೇ ಬೆರಳಿನಿಂದ ಪೆನಿಸಿಲಿನ್ ಎಂದು ಹೊಡೆದ. ಉಳಿಸುವ ಗುಂಡಿ ಒತ್ತಿದ. ಕೂಡಲೇ ಪರದೆಯ ನಡುವೆ ಹೊಸದೊಂದು ಚೌಕ ಎದ್ದಿತು. ತಿದ್ದಲು ಕಾರಣವೇನು? ಅದನ್ನು ಖಾಲಿ ಬಿಟ್ಟು ಮುಂದೆ ಹೋಗಲು ಬರುವುದಿಲ್ಲ. ನೋಟೀಸಿನಲ್ಲಿ ಕಾರಣವೂ ದಾಖಲಾಗುತ್ತದೆಂದು ಬರೆದವಳು ನಾನೇ, ಆದರೆ ಅದು ಹೀಗೆ ಎದುರಿಗೆ ನಿಂತು ಕೇಳುತ್ತದೆಂದು ಎಣಿಸಿರಲಿಲ್ಲ.

ಅವನ ಬೆರಳು ನಿಂತಿತು. ಬೆವರು ಕೀಬೋರ್ಡಿನ ಮೇಲೆ ತೊಟ್ಟಿಕ್ಕಿತು.

"ಯಾಕ ನಿಂತಿ? ಏನ ಕೇಳಾಕತ್ತೈತಿ ಅದು?" ಅಂದಳು ತಾಯವ್ವ.

"ಯಾಕ ತಿದ್ದಾಕತ್ತಿ ಅಂತ ಕೇಳತೈತಿ, ಯಕ್ಕಾ."

"ಹೇಳು ಮತ್ತ."

ಹೇಳಿದ. ಕುರ್ಚಿಯಿಂದ ಏಳಲಿಲ್ಲ, ಅವಳ ಕಡೆ ತಿರುಗಲಿಲ್ಲ, ಆ ಚೌಕವನ್ನೇ ನೋಡುತ್ತ ಎಲ್ಲವನ್ನೂ ಹೇಳಿದ. ಗಂಟಲು ಬಾತದ್ದು, ಇಂಜೆಕ್ಷನ್ ಕೊಟ್ಟದ್ದು, ಅವಳ ತುಟಿ ನೀಲಿಗಟ್ಟಿದ್ದು, ಸಿರಿಂಜನ್ನು ಬಾವಿಗೆ ಒಗೆದದ್ದು. ಸಂಜು ಗೋಡೆಯ ಕಡೆ ತಿರುಗಿ ನಿಂತುಬಿಟ್ಟ.

ತಾಯವ್ವ ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ನನ್ನ ಕಡೆ ತಿರುಗಿ ಕೇಳಿದಳು. "ಹಂಗಾರ ತಾಯಿಗೆ ಸಿಟ್ಟ ಬಂದಿರಲಿಲ್ಲೇನ್ರಿ ಅಕ್ಕಾರ?"

"ಇಲ್ರಿ ತಾಯವ್ವಾರ. ಯಾರ ಸಿಟ್ಟೂ ಅಲ್ಲದು."

ಅವಳು ತಮ್ಮನ ಹತ್ತಿರ ಹೋದಳು. ಹೊಡೆಯುತ್ತಾಳೆಂದು ನಾನು ಮುಂದೆ ಬಂದೆ. ಹೊಡೆಯಲಿಲ್ಲ. ತೀರ ಮೆಲ್ಲಗೆ ಅಂದಳು: "ಹುಣ್ಣಿವಿ ಹುಣ್ಣಿವಿಗೆ ಗುಡಿ ಮೆಟ್ಟಲ ಪಾವಟಗಿ ಮ್ಯಾಲ ಬಿದ್ದ ಗಲ್ಲಾ ಬಡಕೋತಿದ್ದೆ. ತಪ್ಪಾತವ್ವಾ, ನಾನ ಕೊಂದೆ ಅಂತಿದ್ದೆ. ನೀ ಬಾಜೂಕ ಕಾಯಿ ಹಿಡಕೊಂಡ ನಿಂತಿರತಿದ್ದೆಲ್ಲೋ, ಶಿವಲಿಂಗಾ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಬರಿ," ಅಂದಳು. "ಅದು ಕೇಳಾಕತ್ತೈತಿ, ಬರಿ."

ಅವನು ಬರೆದ. ತಾಯವ್ವನಿಗೆ ಓದಲು ಬಾರದು, ನನ್ನಿಂದ ಓದಿಸಿದಳು. "ನಾನೇ ಅಳಿಸಿದ್ದೆ. ಈ ಔಷಧವನ್ನು ನನ್ನ ಹೆಂಡತಿಗೆ ನಾನೇ ಕೊಟ್ಟೆ." ಇನ್ನೊಮ್ಮೆ ಓದಿರಿ ಅಂದಳು. ಇನ್ನೊಮ್ಮೆ ಓದಿದೆ. ಶಿವಲಿಂಗ ಗುಂಡಿ ಒತ್ತಿದ. ಅವನ ಹೆಸರಿನಲ್ಲಿ, ಆ ಹೊತ್ತಿನಲ್ಲಿ, ಅದು ದಾಖಲಾಯಿತು.

ಮೂರು ಗಂಟೆಯಾಗಿತ್ತು. ರಾಮದುರ್ಗದ ಫೋನ್ ಬಡಿದುಕೊಂಡಿತು. ಸಿಸ್ಟಮ್ ಬಂತೇನ್ರಿ ಎಂದು ಕೇಳಿದರು. ಬಂತು ಎಂದು ಸಂಜು ಹೇಳಿದ.

ತಾಯವ್ವ ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ನಡೆದಳು. ಸವದತ್ತಿ ಬಸ್ಸು ಎಲ್ಲಿ ನಿಲ್ಲುತ್ತದೆಂದು ನನ್ನನ್ನು ಕೇಳಿದಳು. ಶಿವಲಿಂಗ ಗಡಿಬಿಡಿಯಿಂದ ಎದ್ದು ಅವಳ ಹಿಂದೆ ಹೊರಟ.

"ನೀ ಬರಬ್ಯಾಡ," ಅಂದಳು ತಾಯವ್ವ.